ಸವಿತಾ ಕೊನೆಗೂ ಪಾಸಾದಳು: ಅಭಿನಂದನೆಗಳನ್ನೂ ಪೇಢೆಯ ಬೇಡಿಕೆಗಳನ್ನೂ ಇಲ್ಲಿಯೇ ಸಲ್ಲಿಸಿರಿ

ಕೇಶ್ವಾಪುರದ ಗೆಳತಿ

ಹುಬ್ಬಳ್ಳಿ-ಧಾರವಾಡದ ಸಮಸ್ತ ಪಾದಚಾರಿಗಳು, ಆಟೋ ಚಾಲಕರು, ಗಿರ್ಮಿಟ್ ಗಾಡಿಯವರು ಮತ್ತು ರಸ್ತೆಯ ನಡುವೆ ಮಲಗುವ ಎಮ್ಮೆಗಳು ದಯವಿಟ್ಟು ಗಮನಿಸಬೇಕು. ನಮ್ಮ ನವನಗರದ ಸವಿತಾ ಇಂದು, ಅಕ್ಟೋಬರ್ 24ರಂದು, ಬೆಳಿಗ್ಗೆ ಹನ್ನೊಂದೂವರೆಯ ಸುಮಾರಿಗೆ, ಕಾರಿನ ಚಾಲನಾ ಪರೀಕ್ಷೆಯಲ್ಲಿ ಮೂರನೆಯ ಪ್ರಯತ್ನಕ್ಕೆ ತೇರ್ಗಡೆಯಾಗಿದ್ದಾಳೆ. ಫೋನಿನಲ್ಲಿ ಸುದ್ದಿ ಹೇಳುವಾಗ ಅವಳು ಕೂಗಿದ ಕೂಗಿಗೆ ನಮ್ಮ ಅಡುಗೆಮನೆಯಲ್ಲಿ ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಯಿತು. ಅದನ್ನು ಶುಭಶಕುನವೆಂದೇ ನಾನು ತೆಗೆದುಕೊಂಡಿದ್ದೇನೆ.

ಈ ಮೂರನೆಯ ಪ್ರಯತ್ನದ ಮಹತ್ವ ಎಲ್ಲರಿಗೂ ತಿಳಿಯಲೆಂದು ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಮೇ 6ರಂದು ಅವಳಿಗೆ ಎಲ್‌ಎಲ್, ಅಂದರೆ ಕಲಿಕಾ ಪರವಾನಗಿ, ಸಿಕ್ಕಿತ್ತು. ಅದರ ಆಯುಷ್ಯ ಆರು ತಿಂಗಳು, ಅಂದರೆ ನವೆಂಬರ್ 5ರವರೆಗೆ ಮಾತ್ರ. ಜುಲೈ 14ರಂದು ಮೊದಲ ಪರೀಕ್ಷೆ ಹೋಯಿತು, ಸೆಪ್ಟೆಂಬರ್ 4ರಂದು ಎರಡನೆಯದೂ ಹೋಯಿತು. ಒಮ್ಮೆ ನಪಾಸಾದರೆ ಏಳು ದಿನ ಕಾದು ಮತ್ತೆ ಹೋಗಬಹುದು, ಆದರೆ ಮೂರು ಸಲ ನಪಾಸಾದರೆ ಅರವತ್ತು ದಿನ ಕಾಯಲೇಬೇಕು, ಜೊತೆಗೆ ಮತ್ತೆ ತರಬೇತಿಯನ್ನೂ ಪಡೆಯಬೇಕು. ಇಂದು ಕೈಕೊಟ್ಟಿದ್ದರೆ ಡಿಸೆಂಬರ್ 23ರವರೆಗೆ ಕೂರಬೇಕಾಗುತ್ತಿತ್ತು. ಅಷ್ಟರಲ್ಲಿ ಎಲ್‌ಎಲ್ ಸತ್ತು ಹೋಗಿ, ಎಲ್ಲವನ್ನೂ ಓಂ ನಾಮದಿಂದ ಶುರು ಮಾಡಬೇಕಾಗುತ್ತಿತ್ತು. ಇಷ್ಟೆಲ್ಲ ಭಾರವನ್ನು ತಲೆಯ ಮೇಲೆ ಹೊತ್ತುಕೊಂಡು ಹೋದವಳು, ಗಾಡಿಯನ್ನು ಒಮ್ಮೆಯೂ ಬಂದ್ ಬೀಳಿಸದೆ ಏರನ್ನು ಹತ್ತಿಸಿಕೊಂಡು ಬಂದಿದ್ದಾಳೆ. ಪೇಢೆಯನ್ನು ಯಾರು ಕೊಡಬೇಕು, ಎಷ್ಟು ಕಿಲೋ ಕೊಡಬೇಕು ಎಂಬುದನ್ನು ಸಭೆಯೇ ತೀರ್ಮಾನಿಸಲಿ.

ಗದಗ ಕಾಕಾ

ಸವಿತಾ ತಂಗಿಗೆ ಹಾರ್ದಿಕ ಅಭಿನಂದನೆಗಳು. ಗದುಗಿನಿಂದ ಹುಬ್ಬಳ್ಳಿಗೆ ಬರುವ ಮುನ್ನ ಇನ್ನು ಮೇಲೆ ನಾನು ಮೊದಲು ಫೋನ್ ಮಾಡಿ, "ತಂಗಿ, ಇವತ್ತ ಗಾಡಿ ಹೊರಗ ತಗೀತಿಯೇನು?" ಎಂದು ಕೇಳಿಕೊಂಡೇ ಬಸ್ ಹತ್ತುತ್ತೇನೆ. ನಮ್ಮ ಕಾಲದಲ್ಲಿ ಇಷ್ಟೆಲ್ಲ ಎಚ್, ಎಂಟು, ಏರು, ಇಳಿವು ಇರಲಿಲ್ಲ. ಇನ್‌ಸ್ಪೆಕ್ಟರ್ ಸಾಹೇಬರು ಪಕ್ಕಕ್ಕೆ ಕುಳಿತು ಮೈದಾನವನ್ನು ಒಂದು ಸುತ್ತು ಹೊಡೆಸಿ, "ಬ್ರೇಕ್ ಎಲ್ಲೈತಿ ಗೊತ್ತೈತಿಲ್ಲ?" ಎಂದು ಕೇಳಿ ಸಹಿ ಮಾಡುತ್ತಿದ್ದರು. ಮೂವತ್ತೆರಡು ವರ್ಷ ಗಾಡಿ ಓಡಿಸಿದ್ದೇನೆ, ಒಂದು ಕೋಳಿಯ ಪುಕ್ಕವೂ ಉದುರಿಲ್ಲ. ಮೂರು ಸಲ ಪರೀಕ್ಷೆ ಕೊಡುವಷ್ಟು ಕಷ್ಟ ಅದರಲ್ಲಿ ಏನಿದೆ ಎಂಬುದು ಮಾತ್ರ ನನಗೆ ಇನ್ನೂ ಅರ್ಥವಾಗಿಲ್ಲ.

ಉಣಕಲ್ ಅತ್ತಿಗೆ

ಅಭಿನಂದನೆಗಳು ಸವಿತಾ! ಯಾವ ಗಾಡಿ ತೆಗೆದುಕೊಂಡಿರಿ? ಬಣ್ಣ ಯಾವುದು? ಪೂಜೆಯನ್ನು ನುಗ್ಗಿಕೇರಿ ಹನುಮಪ್ಪನ ಗುಡಿಯಲ್ಲಿ ಮಾಡಿಸುತ್ತೀರೋ ಮನೆಯ ಮುಂದೆಯೇ ಮಾಡುತ್ತೀರೋ ತಿಳಿಸಿರಿ, ಲಿಂಬೆಹಣ್ಣನ್ನು ನಾನೇ ತರುತ್ತೇನೆ.

ಕೇಶ್ವಾಪುರದ ಗೆಳತಿ

ಅತ್ತಿಗೆ, ಅವಳು ಗಾಡಿಯನ್ನು ಕೊಂಡಿಲ್ಲ, ಗಾಡಿ ಓಡಿಸಲು ಪರವಾನಗಿಯನ್ನು ಪಡೆದಿದ್ದಾಳೆ. ಆದರೂ ಲಿಂಬೆಹಣ್ಣನ್ನು ತನ್ನಿರಿ, ಅವಳ ಯಜಮಾನರ ಹಳೆಯ ಕಾರಿಗೆ ಅದು ಈಗ ಮೊದಲಿಗಿಂತ ಹೆಚ್ಚು ಬೇಕಾಗುತ್ತದೆ.

ಸವಿತಾ, ನವನಗರ

ನೀವೆಲ್ಲರೂ ನನ್ನನ್ನು ಹೊಗಳುತ್ತಿದ್ದೀರೋ ಊರಿಗೆ ಎಚ್ಚರಿಕೆ ಕೊಡುತ್ತಿದ್ದೀರೋ ತಿಳಿಯುತ್ತಿಲ್ಲ, ಎರಡಕ್ಕೂ ನಮಸ್ಕಾರ. ಕಾಕಾ ಅವರ ಪ್ರಶ್ನೆಗೆ ಉತ್ತರ ಕೊಡಲೇಬೇಕು, ಏಕೆಂದರೆ ಕಷ್ಟ ಏನಿತ್ತು ಎಂಬುದು ನನಗೂ ಎರಡು ಸಲ ಸೋತ ಮೇಲೆಯೇ ಗೊತ್ತಾಯಿತು.

ಜುಲೈನ ಪರೀಕ್ಷೆಗೆ ಮೊದಲು ನಾನು ಒಂದು ತರಬೇತಿ ಶಾಲೆಯಲ್ಲಿ ಇಪ್ಪತ್ತೊಂದು ದಿನ ಕಲಿತಿದ್ದೆ. ಹೆಸರು ಬೇಡ, ಕಲಿಸಿದವರು ಒಳ್ಳೆಯವರು. ಆ ಇಪ್ಪತ್ತೊಂದು ದಿನಗಳಲ್ಲಿ ನನ್ನ ಗಾಡಿ ಬಂದ್ ಬಿದ್ದದ್ದು ಎರಡೋ ಮೂರೋ ಸಲ ಮಾತ್ರ. ಏರಿನಲ್ಲಿ ನಿಲ್ಲಿಸಿ ಹೊರಡಿಸಿದರೆ ಬೆಣ್ಣೆಯ ಹಾಗೆ ಹೊರಡುತ್ತಿತ್ತು. ನನಗೆ ಕೈ ಕುದುರಿದೆ ಎಂದುಕೊಂಡೆ. ಪರೀಕ್ಷೆಯ ದಿನ ಅದೇ ಗಾಡಿ, ಅದೇ ಸೀಟು. ಕಲಿಸುವವರು ಕೆಳಗಿಳಿದರು. ಇನ್‌ಸ್ಪೆಕ್ಟರ್ ಹೊರಗೆ ನಿಂತು ಏರಿನ ನಡುವೆ ನಿಲ್ಲಿಸಲು ಹೇಳಿದರು. ನಿಲ್ಲಿಸಿದೆ. ಹೊರಡಿಸಲು ಹೋದೆ, ಗಾಡಿ ಒಮ್ಮೆ ಕೆಮ್ಮಿ ಬಂದ್ ಆಯಿತು. ಮತ್ತೆ ಚಾಲೂ ಮಾಡಿದೆ, ಮತ್ತೆ ಕೆಮ್ಮಿತು. ಮೂರನೆಯ ಸಲ ಗಾಬರಿಯಲ್ಲಿ ಬ್ರೇಕನ್ನು ಬಿಟ್ಟುಬಿಟ್ಟೆ, ಗಾಡಿ ಹಿಂದಕ್ಕೆ ಜಾರಿ ಗೆರೆಯನ್ನು ದಾಟಿತು. "ಇಳೀರಿ ಅಕ್ಕಾರ" ಎಂದರು. ಇಳಿದು ಬಂದು ಬೇವಿನ ಮರದ ಕೆಳಗೆ ನಿಂತು ಅತ್ತೆ.

ಅದೇ ಗಾಡಿ ಹಿಂದಿನ ದಿನ ಅಷ್ಟು ಸಾಧುವಾಗಿತ್ತು, ಪರೀಕ್ಷೆಯ ದಿನ ಏಕೆ ಹಠ ಮಾಡಿತು ಎಂಬುದನ್ನು ಪತ್ತೆ ಹಚ್ಚಿದವರು ಸಾಧನಕೇರಿ ಮಾಮಾ. ಅವರೇ ಹೇಳಿದರೆ ಚೆನ್ನ.

ಹಾವೇರಿ ಹುಡುಗ

ಅಕ್ಕಾ, ಭರ್ಜರಿ ಅಭಿನಂದನೆಗಳು! ಏರಿನಲ್ಲಿ ಹೊರಡುವುದಕ್ಕೆ ಬಹಳ ಸರಳ ಉಪಾಯವಿದೆ. ಹ್ಯಾಂಡ್ ಬ್ರೇಕ್ ಹಾಕಿದರೆ ನಪಾಸು ಮಾಡುತ್ತಾರೆ, ಆದ್ದರಿಂದ ಅದನ್ನು ಮುಟ್ಟಲೇಬಾರದು. ಯಾವಾಗಲೂ ಹಾಫ್ ಕ್ಲಚ್‌ನಲ್ಲಿಯೇ ಗಾಡಿಯನ್ನು ಹಿಡಿದು ನಿಲ್ಲಿಸಿಕೊಂಡಿದ್ದರೆ ಅದು ಹಿಂದೆ ಜಾರುವ ಪ್ರಶ್ನೆಯೇ ಬರುವುದಿಲ್ಲ. ನಾನು ಹಾಗೆಯೇ ಓಡಿಸುತ್ತೇನೆ. ಈಗಿನ ಹೊಸ ಗಾಡಿಗಳಲ್ಲಂತೂ ಏರಿನಲ್ಲಿ ಗಾಡಿ ತಾನಾಗಿಯೇ ನಿಂತುಕೊಳ್ಳುವ ಸೌಲಭ್ಯವಿದೆ, ಎಷ್ಟು ಹೊತ್ತಾದರೂ ಕಾಲು ತೆಗೆದು ಆರಾಮಾಗಿ ಕುಳಿತಿರಬಹುದು.

ಸಾಧನಕೇರಿ ಮಾಮಾ

ಮೊದಲು ಸವಿತಾಗೆ ಆಶೀರ್ವಾದ. ಮಗಳೇ, ನಿನ್ನ ಪೇಢೆ ನನಗೆ ಬೇಡ, ಸಕ್ಕರೆ ಕಾಯಿಲೆ ಇದೆ. ಒಂದು ತಟ್ಟೆ ಬಿಸಿ ಮಿರ್ಚಿ ಭಜಿ ಕೊಡಿಸಿದರೆ ಸಾಕು.

ನಾನು ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಸ್ಟೇರಿಂಗ್ ಹಿಡಿದು ನಿವೃತ್ತನಾದವನು, ಕಲಿಸುವ ಪಾಠ ನನಗೆ ಬರುವುದಿಲ್ಲ, ಕಂಡದ್ದನ್ನು ಹೇಳುತ್ತೇನೆ. ಕಲಿಕೆಯ ಗಾಡಿಯಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತವೆ. ಅವು ತಂತಿಯ ಮೂಲಕವೋ ಸರಳಿನ ಮೂಲಕವೋ ಕಲಿಯುವವರ ಪೆಡಲ್‌ಗೆ ಜೋಡಣೆಯಾಗಿರುತ್ತವೆ. ಕಲಿಯುವವರು ಕ್ಲಚ್ಚನ್ನು ಬೇಗ ಬಿಟ್ಟರೆ, ಗಾಡಿ ಬಂದ್ ಬೀಳುವ ಮೊದಲೇ, ಪಕ್ಕದವರು ಸದ್ದಿಲ್ಲದೆ ತಮ್ಮ ಪೆಡಲ್ಲನ್ನು ಒತ್ತಿಬಿಡುತ್ತಾರೆ. ಅದು ಮೋಸವಲ್ಲ, ಹಿಂದಿನ ಗಾಡಿಯವರು ಹಾರ್ನ್ ಹೊಡೆಯಬಾರದೆಂದು, ತಮ್ಮ ಗಾಡಿಯ ಕ್ಲಚ್ ಪ್ಲೇಟ್ ಉಳಿಯಲೆಂದು ಮಾಡುವ ಕೆಲಸ. ವರ್ಷಾನುಗಟ್ಟಲೆ ಕಲಿಸಿದವರ ಕಾಲು ತಾನಾಗಿಯೇ ಹಾಗೆ ಹೋಗುತ್ತದೆ, ಅವರಿಗೂ ಗೊತ್ತಾಗುವುದಿಲ್ಲ.

ಸವಿತಾ ಬಂದು ಅತ್ತಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: "ಕ್ಲಚ್ ಬಿಡೂ ಹೊತ್ತಿನ್ಯಾಗ ಪೆಡಲ್ ನಿನ್ನ ಕಾಲಿನ ಕೆಳಗಿಂದ ತಾನ ಇಳದಂಗ ಆಗತಿತ್ತೇನು?" ಸ್ವಲ್ಪ ಹೊತ್ತು ಯೋಚಿಸಿ, ಹೌದು, ಎಷ್ಟೋ ಸಲ ಪೆಡಲ್ ಹಗುರಾಗಿ ಅಂಗಾಲಿನಿಂದ ಬಿಟ್ಟುಕೊಂಡಂತೆ ಆಗುತ್ತಿತ್ತು, ಗಾಡಿ ಹಳೆಯದು ಅದಕ್ಕೇ ಹಾಗೆ ಎಂದುಕೊಂಡಿದ್ದೆ ಎಂದಳು. ರೋಗ ಅಲ್ಲಿತ್ತು. ಇಪ್ಪತ್ತೊಂದು ದಿನ ಅರ್ಧ ಗಾಡಿಯನ್ನು ಇವಳು ಓಡಿಸಿದ್ದಳು, ಉಳಿದ ಅರ್ಧವನ್ನು ಪಕ್ಕದವರು ಓಡಿಸಿದ್ದರು. ಪರೀಕ್ಷೆಯ ದಿನ ಪಕ್ಕದ ಅರ್ಧ ಕೆಳಗಿಳಿಯಿತು.

ಇನ್ನು ಹಾವೇರಿಯ ತಮ್ಮನ ಮಾತು. ಹ್ಯಾಂಡ್ ಬ್ರೇಕ್ ಹಾಕಿದರೆ ನಪಾಸು ಎಂಬುದು ಸುಳ್ಳು, ಏರಿನಲ್ಲಿ ನಿಲ್ಲಿಸುವುದಕ್ಕೇ ಅದು ಇರುವುದು. ನೋಡುವುದು ಗಾಡಿ ಹಿಂದೆ ಜಾರಿತೇ ಎಂಬುದನ್ನು. ಹಾಫ್ ಕ್ಲಚ್‌ನಲ್ಲಿ ಹಿಡಿದರೆ ಜಾರುವುದಿಲ್ಲ ಎಂಬುದು ನಿಜ, ಆದರೆ ಅದು ಹೊರಡುವ ಎರಡು ಕ್ಷಣದ ಮಾತು. ಸಿಗ್ನಲ್ಲಿನಲ್ಲಿ ಹಾಗೆಯೇ ಹಿಡಿದು ನಿಂತರೆ ಕ್ಲಚ್ ಪ್ಲೇಟ್ ಉಜ್ಜಿ ಸುಡುತ್ತದೆ. ಸುಟ್ಟ ರಬ್ಬರಿನಂಥ ಒಂದು ಗಾಟು ವಾಸನೆ ಮೂಗಿಗೆ ಬಂದರೆ ಗಾಡಿ ಬೈಯುತ್ತಿದೆ ಎಂದು ತಿಳಿ. ಹೊಸ ಗಾಡಿಯ ಸೌಲಭ್ಯವೂ ಎಷ್ಟು ಹೊತ್ತಾದರೂ ನಿಲ್ಲುವಂಥದ್ದಲ್ಲ. ಬ್ರೇಕಿನಿಂದ ಕಾಲು ತೆಗೆದ ಮೇಲೆ ಎರಡು ಸೆಕೆಂಡಿನಷ್ಟು ಹಿಡಿದು ಬಿಟ್ಟುಬಿಡುತ್ತದೆ. ಆರಾಮಾಗಿ ಕುಳಿತರೆ ಹಿಂದಿನವನ ಬಂಪರಿನ ಮೇಲೆ ಕೂರುತ್ತೀ.

ಹಾವೇರಿ ಹುಡುಗ

ಮಾಮಾ, ವಾಸನೆಯ ವಿಷಯವನ್ನು ನೀವು ನನ್ನ ಗಾಡಿಯ ಪಕ್ಕದಲ್ಲಿ ನಿಂತು ಬರೆದಂತಿದೆ. ಕಳೆದ ವರ್ಷವಷ್ಟೇ ಪ್ಲೇಟ್ ಬದಲಾಯಿಸಿದ್ದೇನೆ. ಕಂಪನಿಯ ಮಾಲು ಸರಿಯಿಲ್ಲ ಎಂದು ಗ್ಯಾರೇಜಿನವನ ಜೊತೆ ಜಗಳವನ್ನೂ ಆಡಿದ್ದೆ.

ಬೆಟಗೇರಿ ಸೊಸೆ

ಸವಿತಾ ಅಕ್ಕಾ, ನಿಮಗೆ ಅಭಿನಂದನೆ ಹೇಳಲು ಬಂದವಳು ಮಾಮಾ ಅವರ ಮಾತನ್ನು ಓದಿ ಬೆವರುತ್ತಿದ್ದೇನೆ. ನನಗೂ ಪೆಡಲ್ ತಾನಾಗಿ ಇಳಿದಂತೆ ಅನಿಸುತ್ತದೆ! ಮುಂದಿನ ತಿಂಗಳು ನನ್ನ ಪರೀಕ್ಷೆ. ಏರಿನಲ್ಲಿ ನೀವು ಹೇಗೆ ಅಭ್ಯಾಸ ಮಾಡಿದಿರಿ ಎಂಬುದನ್ನು ದಯವಿಟ್ಟು ವಿವರವಾಗಿ ಬರೆಯಿರಿ. ನಮ್ಮ ಯಜಮಾನರು, ಸುಮ್ಮನೆ ಗೇರ್ ಇಲ್ಲದ ಗಾಡಿಯಲ್ಲಿ ಪರೀಕ್ಷೆ ಕೊಟ್ಟುಬಿಡು ಎನ್ನುತ್ತಾರೆ, ಆದರೆ ಹಾಗೆ ಮಾಡಿದರೆ ಲೈಸೆನ್ಸಿನಲ್ಲಿ ಗೇರ್ ಇಲ್ಲದ ಗಾಡಿಗೆ ಮಾತ್ರ ಎಂದು ಬರೆದುಬಿಡುತ್ತಾರಂತೆ, ಹೌದೇ?

ಸವಿತಾ, ನವನಗರ

ತಂಗಿ, ಹಾಗೆ ಬರೆಯುವುದು ದ್ವಿಚಕ್ರ ವಾಹನಕ್ಕೆ. ಸ್ಕೂಟರಿನ ಮೇಲೆ ಪರೀಕ್ಷೆ ಕೊಟ್ಟವರಿಗೆ ಗೇರಿನ ಬೈಕಿನ ಅನುಮತಿ ಬರುವುದಿಲ್ಲ. ಕಾರಿಗೆ ಆ ಭೇದವಿಲ್ಲ, ಲಘು ವಾಹನ ಎಂದಷ್ಟೇ ಬರುತ್ತದೆ. ಆದರೆ ನಿಮ್ಮ ಮನೆಯಲ್ಲಿರುವುದು ಗೇರಿನ ಗಾಡಿಯಾದರೆ, ಗೇರಿಲ್ಲದ ಗಾಡಿಯಲ್ಲಿ ಪಾಸಾಗಿ ಬಂದು ಅದರ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ, ಅದನ್ನು ಯೋಚಿಸಿಕೊಳ್ಳಿ.

ಅಭ್ಯಾಸದ ವಿಷಯಕ್ಕೆ ಬರುತ್ತೇನೆ. ಮಾಮಾ ನನ್ನನ್ನು ಶಾಲೆಯ ಗಾಡಿಯಿಂದ ಬಿಡಿಸಿ ನಮ್ಮದೇ ಕಾರಿಗೆ ಹತ್ತಿಸಿದರು. ಹಿಂದೆ ಮುಂದೆ ಕೆಂಪು ಎಲ್ ಬೋರ್ಡ್ ಹಚ್ಚಿ, ಪಕ್ಕದಲ್ಲಿ ಲೈಸೆನ್ಸ್ ಇರುವ ಅವರೇ ಕುಳಿತು, ಬೆಳಗಿನ ಆರು ಗಂಟೆಗೆ ನೃಪತುಂಗ ಬೆಟ್ಟದ ಕಡೆಗೆ ಕರೆದುಕೊಂಡು ಹೋಗುತ್ತಿದ್ದರು. ಮೊದಲ ಮೂರು ದಿನ ಸಪಾಟು ನೆಲದಲ್ಲಿ ಒಂದೇ ಕೆಲಸ: ಆಕ್ಸಿಲೇಟರನ್ನು ಮುಟ್ಟದೆ, ಕ್ಲಚ್ಚನ್ನು ಮಾತ್ರ ಕೂದಲೆಳೆಯಷ್ಟು ಬಿಡುತ್ತ, ಗಾಡಿಯನ್ನು ಇರುವೆಯ ಹಾಗೆ ಮುಂದೆ ಸರಿಸುವುದು, ಮತ್ತೆ ತುಳಿದು ನಿಲ್ಲಿಸುವುದು. ಮೊದಲ ದಿನ ಎಷ್ಟು ಸಲ ಬಂದ್ ಬಿತ್ತು ಎಂಬ ಲೆಕ್ಕವನ್ನು ವಾಯುವಿಹಾರಕ್ಕೆ ಬಂದ ಅಜ್ಜ ಒಬ್ಬರು ಇಡುತ್ತಿದ್ದರು. ಹನ್ನೆರಡರವರೆಗೆ ಎಣಿಸಿ ಅವರೂ ಮನೆಗೆ ಹೋದರು.

ನಾಲ್ಕನೆಯ ದಿನ ಏರು. ಗಾಡಿಯನ್ನು ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆಯಬೇಕು. ಕ್ಲಚ್ಚನ್ನು ಪೂರ್ತಿ ತುಳಿದು ಒಂದನೆಯ ಗೇರ್ ಹಾಕಬೇಕು. ಆಕ್ಸಿಲೇಟರನ್ನು ಸ್ವಲ್ಪವೇ ಒತ್ತಿ, ಇಂಜಿನ್ನಿನ ಸದ್ದು ಜೇನುಹುಳದ ಗುಂಯ್‌ಗುಟ್ಟುವಿಕೆಯಷ್ಟು ಆದಾಗ ಆ ಕಾಲನ್ನು ಅಲ್ಲಿಯೇ ಕಲ್ಲಿನ ಹಾಗೆ ಇಡಬೇಕು. ಈಗ ಕ್ಲಚ್ಚನ್ನು ಬಿಡುತ್ತ ಬರಬೇಕು. ಒಂದು ಕಡೆ ಬಂದಾಗ ಆ ಗುಂಯ್ ಎಂಬ ಸದ್ದು ತಾನಾಗಿ ತಗ್ಗುತ್ತದೆ, ಬಾನೆಟ್ ಒಂದು ಬೆರಳಿನಷ್ಟು ಮೇಲೇಳುತ್ತದೆ, ಸ್ಟೇರಿಂಗ್ ಹಿಡಿದ ಅಂಗೈಯಲ್ಲಿ ನಡುಕ ಬರುತ್ತದೆ. ಅಲ್ಲಿ ಎಡಗಾಲನ್ನು ನಿಲ್ಲಿಸಬೇಕು. ನನಗೆ ಅಲ್ಲಿ ನಿಲ್ಲಿಸುವುದೇ ಕಠಿಣವಾಗಿತ್ತು, ಏಕೆಂದರೆ ಗಾಡಿ ಎದ್ದು ನಿಂತಂತೆ ಆದ ಕೂಡಲೇ ಸಂತೋಷಕ್ಕೆ ಕಾಲು ಪೂರ್ತಿ ಬಿಟ್ಟುಬಿಡುತ್ತಿದ್ದೆ, ಅದು ಕೆಮ್ಮಿ ಬಂದ್ ಆಗುತ್ತಿತ್ತು. ಮಾಮಾ ಪ್ರತಿ ಸಲವೂ "ಸಾವಕಾಶ, ಬಿಡಬ್ಯಾಡ, ಹಿಡಕೋ" ಎನ್ನುತ್ತಿದ್ದರು. ಕಾಲು ಅಲ್ಲಿ ನಿಂತ ಮೇಲೆ ಹ್ಯಾಂಡ್ ಬ್ರೇಕನ್ನು ಇಳಿಸಿದರೆ ಗಾಡಿ ಹಿಂದೆಯೂ ಹೋಗದೆ ಮುಂದೆಯೂ ಹೋಗದೆ ಆ ಏರಿನಲ್ಲಿ ತೂಗಿಕೊಂಡು ನಿಲ್ಲುತ್ತದೆ. ಆಗ ಆಕ್ಸಿಲೇಟರನ್ನು ಇನ್ನಷ್ಟು ಒತ್ತಿದರೆ ಹೊರಡುತ್ತದೆ. ಗಾಡಿ ಎರಡು ಮಾರು ಮುಂದೆ ಹೋದ ಮೇಲೆಯೇ ಕ್ಲಚ್ಚನ್ನು ಪೂರ್ತಿ ಬಿಡಬೇಕು.

ಮೊದಲ ಸಲ ಅದು ತೂಗಿಕೊಂಡು ನಿಂತಾಗ ನಾನು ಮಾಮಾ ಅವರ ಕಾಲ ಕಡೆಗೆ ಬಗ್ಗಿ ನೋಡಿದೆ. ಅಲ್ಲಿ ಪೆಡಲ್ ಇರಲಿಲ್ಲ, ಅವರ ಹಳೆಯ ಚಪ್ಪಲಿ ಮಾತ್ರ ಇತ್ತು.

ಉಣಕಲ್ ಅತ್ತಿಗೆ

ಅಯ್ಯೋ, ಇದನ್ನು ಓದಿ ನನ್ನ ಕಣ್ಣಲ್ಲಿ ನೀರು ಬಂತು. ಗಾಡಿ ಕೊಂಡಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ, ಅದೂ ಆಗುತ್ತದೆ.

ಗದಗ ಕಾಕಾ

ಸರಿ, ಏರಿನ ಕಷ್ಟ ಒಪ್ಪಿದೆ. ಆದರೆ ಸೆಪ್ಟೆಂಬರಿನಲ್ಲಿ ಏರನ್ನು ಹತ್ತಿಸಿದವಳು ಮತ್ತೆ ಏಕೆ ನಪಾಸಾದೆ? ಸಪಾಟು ನೆಲದಲ್ಲಿ ಎಚ್ ಆಕಾರಕ್ಕೆ ರಿವರ್ಸ್ ಹೊಡೆಯುವುದಕ್ಕೂ ಕಾರಣ ಹುಡುಕಿಟ್ಟಿದ್ದೀರಾ? ಹಿಂದೆ ನೋಡಿಕೊಂಡು ಹಿಂದೆ ಹೋಗಬೇಕು, ಅಷ್ಟೇ ಅಲ್ಲವೇ?

ಸವಿತಾ, ನವನಗರ

ಕಾಕಾ, ನಿಮ್ಮ ಬಾಯಿಂದಲೇ ನನ್ನ ತಪ್ಪು ಹೊರಬಿತ್ತು. ನಾನು ಹಿಂದೆಯೇ ನೋಡಿಕೊಂಡು ಹಿಂದೆ ಹೋದೆ, ಮುಂದಿನ ಮೂಲೆ ಹೋಗಿ ಕಂಬವನ್ನು ಕೆಡವಿತು. ಹಿಂಬದಿ ಗೆರೆಯೊಳಗೆ ಅಚ್ಚುಕಟ್ಟಾಗಿ ಕೂತಿತ್ತು, ನಾನು ನಗುತ್ತಿದ್ದೆ. ಇನ್‌ಸ್ಪೆಕ್ಟರ್ ನನ್ನನ್ನು ನೋಡುತ್ತಿರಲಿಲ್ಲ, ಎಡಗಡೆ ಮುಂದೆ ಬಿದ್ದಿದ್ದ ಕಂಬವನ್ನು ನೋಡುತ್ತಿದ್ದರು.

ಸಾಧನಕೇರಿ ಮಾಮಾ

ಕಾಕಾ ಅವರೇ, ಮುಂದೆ ಹೋಗುತ್ತ ತಿರುಗುವಾಗ ಹಿಂದಿನ ಗಾಲಿಗಳು ಒಳಗಡೆಯಿಂದ ಕತ್ತರಿಸಿಕೊಂಡು ಬರುತ್ತವೆ. ಬಸ್ಸಿನವರು ಮೂಲೆಯಲ್ಲಿ ಅಷ್ಟು ಹೊರಗೆ ಹೋಗಿ ತಿರುಗುವುದನ್ನು ನೀವು ನೋಡಿದ್ದೀರಿ, ಅದು ಅದಕ್ಕೇ. ರಿವರ್ಸಿನಲ್ಲಿ ಲೆಕ್ಕ ಉಲ್ಟಾ. ಹಿಂಭಾಗ ತಾನು ತಿರುಗಬೇಕಾದ ಕಡೆಗೆ ಹೋಗುತ್ತದೆ, ಮೂತಿ ಎದುರು ದಿಕ್ಕಿಗೆ ಹೊರಗೆ ಬೀಸುತ್ತದೆ. ಬಲಕ್ಕೆ ಹಿಂದೆ ಹೋದರೆ ಎಡಗಡೆಯ ಮುಂದಿನ ಮೂಲೆ ಬೀಸುತ್ತದೆ. ಎಚ್‌ನಲ್ಲಿ ಕಂಬ ಬೀಳುವುದು ಬಹಳ ಸಲ ಅಲ್ಲಿಯೇ. ಓಣಿಯಲ್ಲಿ ಪಕ್ಕದ ಮನೆಯವರ ಸ್ಕೂಟರ್ ಬೀಳುವುದೂ ಹಾಗೆಯೇ.

ಸವಿತಾಳ ಎರಡನೆಯ ದೋಷ ಸ್ಟೇರಿಂಗ್. ರಿವರ್ಸ್ ತೆಗೆದುಕೊಳ್ಳುತ್ತ ಸ್ಟೇರಿಂಗನ್ನು ಎಷ್ಟು ತಿರುಗಿಸಿದೆ ಎಂಬುದು ಮರೆತುಹೋಗುತ್ತಿತ್ತು. ಗಾಡಿ ನೇರವಾಗಿದೆ ಎಂದುಕೊಂಡಾಗ ಗಾಲಿ ಇನ್ನೂ ಒಂದು ಸುತ್ತು ಓರೆಯಾಗಿರುತ್ತಿತ್ತು. ಅವಳ ಗಾಡಿಯಲ್ಲಿ ನೇರದಿಂದ ಒಂದು ಕಡೆಯ ಕೊನೆಯವರೆಗೆ ಸುಮಾರು ಒಂದೂವರೆ ಸುತ್ತು. ಎಷ್ಟು ಸುತ್ತಿ ಹೋದೆಯೋ ಅಷ್ಟೇ ಸುತ್ತಿ ವಾಪಸು ಬಾ ಎಂದು ನವನಗರದ ಖಾಲಿ ಮೈದಾನದಲ್ಲಿ ಇಟ್ಟಂಗಿಗಳ ನಡುವೆ ಬಿದಿರು ಕೋಲು ನಿಲ್ಲಿಸಿ ಮಾಡಿಸಿದೆ. ಕೋಲು ಬಿದ್ದಾಗಲೆಲ್ಲ ಅವಳೇ ಇಳಿದು ಎತ್ತಿ ನಿಲ್ಲಿಸಬೇಕು ಎಂಬುದು ಷರತ್ತು. ಮೊದಲ ದಿನ ಅವಳು ಓಡಿಸಿದ್ದಕ್ಕಿಂತ ಇಳಿದದ್ದೇ ಹೆಚ್ಚು.

ಕೇಶ್ವಾಪುರದ ಗೆಳತಿ

ಆ ಕೆಂಪು ದಾರದ ಕಥೆಯನ್ನು ನೀವಿಬ್ಬರೂ ಬೇಕೆಂದೇ ಮುಚ್ಚಿಡುತ್ತಿದ್ದೀರಿ, ನಾನು ಹೇಳಿಬಿಡುತ್ತೇನೆ. ಗಾಲಿ ನೇರವಿದ್ದಾಗ ಸ್ಟೇರಿಂಗಿನ ನೆತ್ತಿ ಯಾವುದು ಎಂಬುದು ಗೊತ್ತಾಗಲೆಂದು ಸವಿತಾ ಅಲ್ಲೊಂದು ಕೆಂಪು ದಾರವನ್ನು ಕಟ್ಟಿಕೊಂಡಿದ್ದಳು. ದಾರ ಎಷ್ಟು ಸಲ ನೆತ್ತಿಗೆ ಬಂತು ಎಂದು ಎಣಿಸಿದರೆ ಸುತ್ತಿನ ಲೆಕ್ಕ ತಪ್ಪುವುದಿಲ್ಲ. ಇಂದು ಪರೀಕ್ಷೆಗೆ ಮನೆಯ ಕಾರನ್ನೇ ತೆಗೆದುಕೊಂಡು ಹೋಗಿದ್ದಳು, ದಾರ ಹಾಗೆಯೇ ಇತ್ತು. ಇನ್‌ಸ್ಪೆಕ್ಟರ್ ಒಳಗೆ ಬಗ್ಗಿ ನೋಡಿ, "ಇದೇನ್ರಿ ಅಕ್ಕಾರ, ದೇವರ ದಾರೇನು?" ಎಂದು ಕೇಳಿದರಂತೆ. ಇವಳು ಬಾಯಿ ಒಣಗಿ, "ಹೌದ್ರಿ, ಹನುಮಪ್ಪಂದು" ಎಂದುಬಿಟ್ಟಳಂತೆ!

ಹಾವೇರಿ ಹುಡುಗ

ಇದು ಕಾಪಿ ಹೊಡೆದ ಹಾಗಲ್ಲವೇ? ಪರೀಕ್ಷೆಯ ಹಾಲಿನಲ್ಲಿ ಚೀಟಿ ಇಟ್ಟುಕೊಂಡ ಹಾಗಾಯಿತು. ಅಭಿನಂದನೆಯನ್ನು ಅರ್ಧ ವಾಪಸು ತೆಗೆದುಕೊಳ್ಳುತ್ತಿದ್ದೇನೆ.

ಬೆಟಗೇರಿ ಸೊಸೆ

ಕಾಪಿ ಹೇಗಾಗುತ್ತದೆ? ದಾರ ಗಾಡಿ ಓಡಿಸುವುದಿಲ್ಲವಲ್ಲ. ಎಷ್ಟೋ ಗಾಡಿಗಳಲ್ಲಿ ಕಂಪನಿಯ ಗುರುತು ನೇರವಾಗಿ ನಿಂತಿದೆಯೇ ಎಂದು ನೋಡಿಯೇ ಎಲ್ಲರೂ ಸ್ಟೇರಿಂಗ್ ನೇರ ಮಾಡಿಕೊಳ್ಳುತ್ತಾರೆ. ನಾನಂತೂ ಇಂದು ಸಂಜೆಯೇ ಕಟ್ಟುತ್ತೇನೆ.

ಸಾಧನಕೇರಿ ಮಾಮಾ

ಕಾಪಿಯೋ ಅಲ್ಲವೋ ನನಗೆ ಗೊತ್ತಿಲ್ಲ, ಆದರೆ ನನಗೆ ಆ ದಾರ ಮೊದಲಿನಿಂದಲೂ ಸೇರಲಿಲ್ಲ. ಕಣ್ಣು ದಾರದ ಮೇಲೆ ಇದ್ದರೆ ಕನ್ನಡಿಯ ಮೇಲೆ ಇರುವುದಿಲ್ಲ. ಕಲಿಯುವಾಗ ಕಟ್ಟು, ಪರೀಕ್ಷೆಗೆ ಮೊದಲು ಬಿಚ್ಚು ಎಂದಿದ್ದೆ. ಬಿಚ್ಚಲಿಲ್ಲ.

ಸವಿತಾ, ನವನಗರ

ಬಿಚ್ಚಿದ್ದೆ ಮಾಮಾ. ಟ್ರ್ಯಾಕಿನ ಗೇಟಿನ ಬಳಿ ಕೈ ನಡುಗಿದ್ದರಿಂದ ಮತ್ತೆ ಕಟ್ಟಿದೆ. ಒಳಗೆ ಹೋದ ಮೇಲೆ ಅದನ್ನು ಒಮ್ಮೆಯೂ ನೋಡಲಿಲ್ಲ, ಬೇಕಾದರೆ ಪೇಢೆಯ ಮೇಲೆ ಆಣೆ ಮಾಡುತ್ತೇನೆ. ಒಂದೂವರೆ ಸುತ್ತು ಕೈಗೆ ಬಂದುಬಿಟ್ಟಿತ್ತು. ರಿವರ್ಸಿನಲ್ಲಿ ನಡಿಗೆಯ ವೇಗಕ್ಕಿಂತ ನಿಧಾನಕ್ಕೆ ಹೋಗುತ್ತ, ಬಲಗನ್ನಡಿ, ಹಿಂಗಾಜು, ಎಡ ಮುಂದಿನ ಮೂಲೆ ಎಂದು ಮೂರನ್ನೂ ಬಾಯಲ್ಲಿ ಗಟ್ಟಿಯಾಗಿಯೇ ಹೇಳಿಕೊಳ್ಳುತ್ತಿದ್ದೆ. ಅದನ್ನೂ ಅವರು ಮಂತ್ರ ಎಂದುಕೊಂಡಿರಬೇಕು.

ಗದಗ ಕಾಕಾ

ಮಂತ್ರ, ದಾರ, ಹನುಮಪ್ಪ, ಮಾಮಾ, ಇಷ್ಟು ಜನ ಸೇರಿ ಒಂದು ಲೈಸೆನ್ಸ್! ಇರಲಿ, ಇನ್ನೊಮ್ಮೆ ಅಭಿನಂದನೆಗಳು. ನವನಗರದಿಂದ ಹುಬ್ಬಳ್ಳಿಗೆ ಹೋಗುವಾಗ ನಡುವಿನ ಚಿಗರಿ ಬಸ್ಸಿನ ದಾರಿಗೆ ಮಾತ್ರ ನುಗ್ಗಬೇಡ. ಖಾಲಿ ಕಂಡಿತೆಂದು ಹೊಸಬರು ಅಲ್ಲಿಯೇ ಹೋಗುತ್ತಾರೆ.

ಅಂದಹಾಗೆ ಲೈಸೆನ್ಸಿನ ವಿಷಯ ಬಂದಿದ್ದರಿಂದ ಕೇಳುತ್ತೇನೆ. ಈ ಚರ್ಚೆಯನ್ನು ಓದುತ್ತ ನನ್ನ ಕಾರ್ಡನ್ನು ತೆಗೆದು ನೋಡಿದೆ. ಅದರ ಅವಧಿ ಮುಗಿದು ಒಂದು ವರ್ಷ ಎರಡು ತಿಂಗಳಾಗಿದೆ. ನವೀಕರಣಕ್ಕೆ ಒಂದು ಅರ್ಜಿ ಹಾಕಿ, ವೈದ್ಯರ ಸಹಿ ಮಾಡಿಸಿ, ಶುಲ್ಕ ಕಟ್ಟಿದರೆ ಸಾಕಲ್ಲವೇ?

ಸಾಧನಕೇರಿ ಮಾಮಾ

ಕಾಕಾ ಅವರೇ, ಅವಧಿ ಮುಗಿದು ಒಂದು ವರ್ಷದ ಒಳಗೆ ಅರ್ಜಿ ಹಾಕಿದ್ದರೆ ಸಾಕಾಗುತ್ತಿತ್ತು. ವರ್ಷ ದಾಟಿದರೆ ಚಾಲನಾ ಪರೀಕ್ಷೆಯನ್ನು ಮತ್ತೆ ಕೊಟ್ಟು ಪಾಸಾಗಬೇಕು. ಹಿಂದೆ ಅವಧಿ ಮುಗಿದ ಮೇಲೂ ಮೂವತ್ತು ದಿನ ಲೈಸೆನ್ಸ್ ಜೀವಂತ ಇರುತ್ತಿತ್ತು, 2019ರ ತಿದ್ದುಪಡಿಯಲ್ಲಿ ಅದನ್ನೂ ತೆಗೆದಿದ್ದಾರೆ. ಆದ್ದರಿಂದ ಈ ಒಂದು ವರ್ಷ ಎರಡು ತಿಂಗಳು ನೀವು ಗಾಡಿ ಓಡಿಸಿದ್ದರೆ ಅದನ್ನು ಇಲ್ಲಿ ಬರೆಯಬೇಡಿ.

ಕೇಶ್ವಾಪುರದ ಗೆಳತಿ

ಸಭೆಗೆ ವಿನಂತಿ: ಸವಿತಾಳ ಪೇಢೆಯ ಡಬ್ಬಿಯಲ್ಲಿ ಒಂದು ಪಾಲನ್ನು ಕಾಕಾ ಅವರ ಹೆಸರಿಗೆ ತೆಗೆದಿಡಬೇಕು. ಅದನ್ನು ಅವರು ಎಚ್ ಹೊಡೆದ ಮೇಲೆಯೇ ಕೊಡತಕ್ಕದ್ದು.

ಹಾವೇರಿ ಹುಡುಗ

ಕಾಕಾ, ಹಿಂದೆ ನೋಡಿಕೊಂಡು ಹಿಂದೆ ಹೋಗಬೇಕು, ಅಷ್ಟೇ ಅಲ್ಲವೇ?

ಉಣಕಲ್ ಅತ್ತಿಗೆ

ಹಾಗಾದರೆ ಕಾಕಾ ಅವರು ಹೊಸ ಗಾಡಿ ಕೊಳ್ಳುತ್ತಿದ್ದಾರೆಯೇ? ಅವರಿಗೂ ಅಭಿನಂದನೆಗಳು.

ಸವಿತಾ, ನವನಗರ

ಭಾನುವಾರ ಸಂಜೆ ಐದಕ್ಕೆ ಎಲ್ಲರೂ ನಮ್ಮ ಮನೆಗೆ ಬನ್ನಿರಿ. ಪೇಢೆಯನ್ನು ಧಾರವಾಡದ ಲೈನ್ ಬಜಾರಿನಿಂದ ನಾನೇ ಗಾಡಿ ಓಡಿಸಿಕೊಂಡು ಹೋಗಿ ತರುತ್ತೇನೆ, ಮಾಮಾ ಅವರಿಗೆ ಬಿಸಿ ಮಿರ್ಚಿ ಇರುತ್ತದೆ. ಕಾರ್ಡ್ ಅಂಚೆಯಲ್ಲಿ ಬರುವವರೆಗೆ ಡಿಜಿಲಾಕರಿನಲ್ಲಿ ಬಂದುದನ್ನೇ ತೋರಿಸುತ್ತೇನೆ, ಅದೂ ನಡೆಯುತ್ತದೆ. ಲೈನ್ ಬಜಾರಿನಲ್ಲಿ ಗಾಡಿ ನಿಲ್ಲಿಸಲು ಎಲ್ಲಿ ಜಾಗ ಸಿಗುತ್ತದೆ ಎಂಬುದು ಗೊತ್ತಿದ್ದವರು ದಯವಿಟ್ಟು ತಿಳಿಸಿರಿ, ಎರಡು ಗಾಡಿಗಳ ನಡುವೆ ನಿಲ್ಲಿಸುವುದನ್ನು ನಾನು ಇನ್ನೂ ಸರಿಯಾಗಿ ಕಲಿತಿಲ್ಲ.

ಗದಗ ಕಾಕಾ

ಸವಿತಾ ತಂಗಿ, ಭಾನುವಾರ ನಾನು ಬಸ್ಸಿನಲ್ಲಿಯೇ ಬರುತ್ತೇನೆ. ಸ್ವಲ್ಪ ಬೇಗ, ಮೂರು ಗಂಟೆಗೆ ಬಂದರೆ ನಡೆಯುತ್ತದೆಯೇ? ಆ ಮೈದಾನದಲ್ಲಿ ಇಟ್ಟಂಗಿ, ಬಿದಿರು ಕೋಲುಗಳು ಇನ್ನೂ ಇವೆಯೇ ಎಂಬುದನ್ನೂ ತಿಳಿಸು. ದಾರ ನನ್ನ ಬಳಿ ಇದೆ.